ಏಳು ಮೀಟರ್ ಹೆಚ್ಚು ಓಡಿದ ಹುಡುಗಿ

800 ಮೀಟರ್ ಓಟದಲ್ಲಿ ಮೊದಲ ಸುತ್ತು ಎಷ್ಟು ವೇಗವಾಗಿರಬೇಕು, ಎರಡನೆಯದು ಎಷ್ಟು ಎನ್ನುವುದನ್ನು ಈ ವಾರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅರ್ಧ ಬರೆದೂ ಇಟ್ಟಿದ್ದೆ. ಆದರೆ ಭಾನುವಾರ ತಿಪಟೂರು ಸೀಮೆಯ ಒಂದು ಊರಿನಲ್ಲಿ ಹಿರಿಯರೊಬ್ಬರು ಆಡಿದ ಅಭಿನಂದನೆಯ ಮಾತು ಕೇಳಿ ಬಂದ ಮೇಲೆ ಬೇರೇನೂ ಬರೆಯಲು ಮನಸ್ಸಾಗುತ್ತಿಲ್ಲ. ಆ ಊರಿನ ಒಂಬತ್ತನೇ ತರಗತಿಯ ಹುಡುಗಿ ರಾಜ್ಯಮಟ್ಟದ ಶಾಲಾ ಕ್ರೀಡಾಕೂಟದ 800 ಮೀಟರ್‌ನಲ್ಲಿ ಕಂಚು ಗೆದ್ದಿದ್ದಳು. ಮಾತಾಡಿದವರು ಬದುಕಿಡೀ ಊರ ಕೆರೆಯ ನೀರಗಂಟಿಯಾಗಿದ್ದವರು.

ಸನ್ಮಾನ ಸಭೆಗಳ ಮೇಲೆ ನನಗಿರುವ ಸಿಟ್ಟು ಈ ಅಂಕಣ ಓದುವವರಿಗೆ ಹೊಸದಲ್ಲ. ವೇದಿಕೆಯ ಮೇಲಿರುವವರ ಹೆಸರು ಹೇಳುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಉಳಿದರ್ಧದಲ್ಲಿ ಮಗು ನಾಳೆಯೇ ಒಲಿಂಪಿಕ್ಸ್ ಚಿನ್ನ ತರಬೇಕೆಂಬ ಅಪ್ಪಣೆ. ಮಗು ಮಾತ್ರ ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಬೆವರುತ್ತಾ ನಿಂತಿರುತ್ತದೆ. ಇಂಥ ಭಾಷಣವನ್ನು ನಾನು ಅಳೆಯುವ ಬಗೆ ಒಂದೇ. ಓಟ ಎಂದಿರುವ ಕಡೆ ಚರ್ಚಾಸ್ಪರ್ಧೆ ಎಂದು ಹಾಕಿ ನೋಡುತ್ತೇನೆ. ಆಗಲೂ ಭಾಷಣ ಹಾಗೇ ನಿಂತರೆ ಆ ಮಗುವಿನ ಬಗ್ಗೆ ಯಾರೂ ಏನೂ ಹೇಳಿಲ್ಲ ಎಂದೇ ಅರ್ಥ.

ನೀರಗಂಟಿ ತಾತನ ಮಾತಿನಲ್ಲಿ ಓಟದ ಬದಲು ಇನ್ನೇನನ್ನೂ ಹಾಕಲು ಬರುತ್ತಿರಲಿಲ್ಲ. ಅವರು ಜೀವಮಾನದಲ್ಲಿ 800 ಮೀಟರ್ ಓಟ ನೋಡಿದವರಲ್ಲ. ಸಭೆಗೆ ಮುಂಚೆ ಹುಡುಗಿಯನ್ನೂ ಶಾಲೆಯ ಪಿ.ಟಿ. ಮೇಷ್ಟರನ್ನೂ ತಮ್ಮ ಕಣಕ್ಕೆ ಕರೆಸಿ, ಓಟ ಹೇಗೆ ನಡೆಯಿತೆಂದು ಹೆಜ್ಜೆ ಹೆಜ್ಜೆಗೂ ಕೇಳಿ ತಿಳಿದುಕೊಂಡಿದ್ದರು. ಅವರ ಮಾತನ್ನು ನನ್ನ ಟಿಪ್ಪಣಿ ಪುಸ್ತಕದಿಂದ ಆದಷ್ಟೂ ಹಾಗೇ ಕೊಡುತ್ತೇನೆ.

“ಎಲ್ಲಾರೂ ಕುಂತ್ಕಳಿ. ಹೆಸರು ಹೇಳ್ತಾ ಹೋದ್ರೆ ಹೊತ್ತಾಗುತ್ತೆ. ಈ ಕೂಸು ಬೆಂಗಳೂರಲ್ಲಿ ಏನು ಮಾಡ್ತು ಅಂತ ಊರಿಗೆ ಗೊತ್ತಿಲ್ಲ. ಅದನ್ನ ಹೇಳ್ತೀನಿ.

“ಅಲ್ಲಿ ಎಂಟು ದಾರಿ ಎಳೆದವ್ರೆ. ಓಡೋಕೆ ನಿಂತೋರು ಎಂಟು ಜನ. ನಮ್ಮ ಕೂಸಿಗೆ ಸಿಕ್ಕಿದ್ದು ಐದನೇ ದಾರಿ. ಮೊದಲನೇ ತಿರುವು ಮುಗಿಯೋಗಂಟ ಅವರವರ ದಾರೀಲೇ ಓಡ್ಬೇಕು. ಆಮೇಲೆ ಒಂದು ಗೆರೆ ಬರುತ್ತೆ. ಅದ ದಾಟಿದ ಮೇಲೆ ಯಾರು ಬೇಕಾದ್ರೂ ಒಳದಾರಿಗೆ ಬರಬೋದು. ಎಂಟೂ ಜನಕ್ಕೆ ಬೇಕಾಗಿರೋದು ಅದೊಂದೇ ದಾರಿ. ನಮ್ಮ ಸ್ಕೂಲ್ ಮೈದಾನದಲ್ಲಿ ಇವಳ ಪಕ್ಕ ಓಡೋರೇ ಇಲ್ಲ. ಅದಕ್ಕೇ ಗೆರೆ ದಾಟಿದ ಕೂಡ್ಲೆ ಅಡ್ಡಕ್ಕೆ ನುಗ್ಗಿದ್ಲು. ಒಳಗೆ ಜಾಗ ಇರ್ಲಿಲ್ಲ. ಹೊರಗೇ ಉಳಿದ್ಲು. ಎರಡನೇ ಸುತ್ತಿನ ಎರಡೂ ತಿರುವು ಎರಡನೇ ದಾರೀಲೇ ಓಡಿದ್ಲು.

“ಹೊರಗೆ ಓಡಿದ್ರೆ ಏನಾಯ್ತು ಅಂತೀರಾ? ಕಣದಲ್ಲಿ ಮೇಟಿಗೆ ಹಗ್ಗ ಕಟ್ಟಿ ಅರ್ಧ ಸುತ್ತು ಗೆರೆ ಎಳೆದೆ. ನಾಕಡಿ ಹೊರಕ್ಕೆ ಇನ್ನೊಂದು ಎಳೆದೆ. ಎರಡರ ಮೇಲೂ ಹಗ್ಗ ಹಾಸಿ ಅಳೆದ್ರೆ ಹೊರಗಿಂದು ಎರಡು ಮಾರು ಜಾಸ್ತಿ ಬಂತು. ಒಂದು ತಿರುವಿಗೆ ಎರಡು ಮಾರು, ಎರಡು ತಿರುವಿಗೆ ನಾಕು ಮಾರು. ಎರಡನೇಯವಳಿಗೂ ಇವಳಿಗೂ ಕೊನೇಲಿ ಇದ್ದಿದ್ದು ಒಂದು ಮಾರು. ಹಂಗಂತ ಬೆಳ್ಳಿ ನಮ್ಮದು ಅಂತ ನಾನು ಅನ್ನಲ್ಲ. ಬೆಳ್ಳಿ ತಗೊಂಡ ಹುಡುಗಿ ಒಳದಾರಿ ಬಿಟ್ಟುಕೊಡ್ಲಿಲ್ಲ. ಅದು ಅವಳ ಜಾಣತನ. ನಮ್ಮ ಕೂಸು ಕಂಚು ತಂದವ್ಳೆ. ಕಂಚಿಗೇ ಚಪ್ಪಾಳೆ ಹೊಡೀರಿ.

“ಕೊನೇ ತಿರುವು ಬಿಟ್ಟಾಗ ಇವಳು ಐದನೇಯವಳು. ಅಲ್ಲಿಂದ ಗುರಿಗೆ ಎಂಬತ್ತು ಮೀಟರ್ ಚಿಲ್ಲರೆ. ಅಷ್ಟರೊಳಗೆ ಇಬ್ಬರನ್ನ ಹಿಂದಕ್ಕೆ ಹಾಕಿದ್ಲು. ಕಾಲು ಮಾತು ಕೇಳ್ತಿರ್ಲಿಲ್ಲ ತಾತ, ಕೈ ಬೀಸೋದು ಮಾತ್ರ ಬಿಡಬಾರದು ಅಂತ ಮೇಷ್ಟ್ರು ಹೇಳಿದ್ದು ನೆನಪಿತ್ತು ಅಂದ್ಲು. ಅವ್ವಾ, ಎಂಟುನೂರು ಓಡೋ ಪಂದ್ಯದಲ್ಲಿ ನೀನು ಎಂಟುನೂರ ಏಳು ಓಡಿ ಮೂರನೇಯವಳಾದೆ. ಇದು ನನಗೆ ಗೊತ್ತಾಗಿದೆ. ಇವತ್ತಿಂದ ಊರಿಗೂ ಗೊತ್ತು.”

ಸಭೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಚಪ್ಪಾಳೆ ಹೊಡೆಯಿತು. ಹುಡುಗಿ ತಲೆಯೆತ್ತಿ ನೋಡಿದ್ದು ಆಗಲೇ.

ತಾತನ ಲೆಕ್ಕ ಸರಿಯಾಗಿದೆ. ಒಂದು ಲೇನಿನ ಅಗಲ 1.22 ಮೀಟರ್, ಅಂದರೆ ನಾಲ್ಕು ಅಡಿ. ಅರ್ಧ ವೃತ್ತದ ತಿರುವಿನಲ್ಲಿ ಪೂರ್ತಿ ಒಂದು ಲೇನ್ ಹೊರಗೆ ಓಡಿದರೆ ಆಗುವ ಹೆಚ್ಚಳ ಆ ಅಗಲವನ್ನು ಪೈ ಇಂದ ಗುಣಿಸಿದಷ್ಟು: 3.83 ಮೀಟರ್, ಸುಮಾರು ಹನ್ನೆರಡೂವರೆ ಅಡಿ. ವೃತ್ತ ದೊಡ್ಡದಿರಲಿ ಚಿಕ್ಕದಿರಲಿ ಈ ಹೆಚ್ಚಳ ಬದಲಾಗುವುದಿಲ್ಲ. ಆದ್ದರಿಂದಲೇ ರಾಗಿ ಕಣದ ಮೇಟಿಯ ಸುತ್ತ ಅಳೆದದ್ದು ಕಂಠೀರವ ಕ್ರೀಡಾಂಗಣದ ತಿರುವಿಗೂ ಹೊಂದುತ್ತದೆ. ಎರಡು ತಿರುವಿಗೆ 7.66 ಮೀಟರ್. ಹುಡುಗಿ ತೆಗೆದುಕೊಂಡ ಸಮಯ 2 ನಿಮಿಷ 20 ಸೆಕೆಂಡು. ಆ ವೇಗದಲ್ಲಿ ಇಷ್ಟು ದೂರಕ್ಕೆ ಒಂದೂಕಾಲು ಸೆಕೆಂಡಿಗಿಂತ ಹೆಚ್ಚು ಬೇಕು.

ತಾತ ಹೇಳಿದ ಗೆರೆಯೇ ಈ ಓಟದ ಕಷ್ಟದ ಜಾಗ. ಅದನ್ನು ದಾಟುವ ಮುಂಚೆ ಒಳಕ್ಕೆ ಕಾಲಿಟ್ಟರೆ ಓಟವೇ ರದ್ದು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 800 ಮೀಟರ್ ಸೆಮಿಫೈನಲ್ ತಲುಪಿದ್ದ ಶೈನಿ ಅಬ್ರಹಾಂ, ಎರಡು ವರ್ಷದ ನಂತರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಎಲ್ಲರಿಗಿಂತ ಮುಂದಿದ್ದೂ ಅನರ್ಹಗೊಂಡದ್ದು ಇದೇ ಕಾರಣಕ್ಕೆ. ದಾಟಿದ ಮೇಲೂ ತಕ್ಷಣ ಒಳಕ್ಕೆ ನುಗ್ಗಬಾರದು. ಮುಂದೆ 84 ಮೀಟರ್ ನೇರ ದಾರಿ ಇದೆ. ಅದರ ಕೊನೆಯಲ್ಲಿ, ಮುಂದಿನ ತಿರುವು ಶುರುವಾಗುವ ಕಡೆ, ಒಳಗೆರೆಯ ಮೇಲೆ ಕಣ್ಣಿಟ್ಟು ಓರೆಯಾಗಿ ಸಾಗಬೇಕು. ಹಾಗೆ ಸಾಗಿದವಳಿಗೆ ಹೆಚ್ಚಾಗುವ ದೂರ ಒಂದು ಗೇಣೂ ಇಲ್ಲ, ಪಕ್ಕದವರನ್ನು ನೋಡಿಕೊಳ್ಳಲು ಹೊತ್ತೂ ಸಿಗುತ್ತದೆ. 200 ಮೀಟರ್ ಸುತ್ತಿನ ಶಾಲಾ ಮೈದಾನದಲ್ಲಿ ಒಬ್ಬಳೇ ನಾಲ್ಕು ಸುತ್ತು ಓಡಿ ಬೆಳೆದ ಹುಡುಗಿಗೆ ಇದನ್ನು ಕಲಿಯುವ ಅವಕಾಶವೇ ಇರಲಿಲ್ಲ.

ತಾತ ಅಲ್ಲಿಗೆ ನಿಲ್ಲಿಸಲಿಲ್ಲ. ಮೇಷ್ಟರನ್ನು ಕೇಳಿ ತಿಳಿದ ಇನ್ನೊಂದು ವಿಷಯವನ್ನು ಎತ್ತಿದರು. ನನ್ನ ಹಳೆಯ ಜಗಳವೂ ಅದರ ಸುತ್ತಲೇ ಇದೆ.

“ಕೂಸು ಮೊದಲನೇ ಸುತ್ತು ಅರವತ್ತೇಳು ಸೆಕೆಂಡಿಗೆ ಓಡ್ತು, ಎರಡನೇದು ಎಪ್ಪತ್ತಮೂರಕ್ಕೆ. ಮೊದಲೇ ದಣಿದ್ಲು, ಹಿಂದೆ ಅಡಗಿಕೊಂಡಿದ್ದು ಕೊನೇಲಿ ಓಡ್ಬೇಕಿತ್ತು ಅಂತ ಯಾರೋ ಅಂದ್ರಂತೆ. ನಾನು ಕೆರೆ ತೂಬು ಎತ್ತಿದೋನು. ನೀರೆಲ್ಲಾ ಕೊನೇಗೆ ಅಂತ ಹಿಡಕೊಂಡ್ರೆ ಮೊದಲನೇ ಗದ್ದೇಲೇ ಪೈರು ಒಣಗುತ್ತೆ.”

ಹಿಂದೆ ಅಡಗಿ ಕೊನೆಯ 200 ಮೀಟರ್‌ನಲ್ಲಿ ನುಗ್ಗು ಎಂದು ಹೇಳಿಕೊಡುವ ತರಬೇತುದಾರರ ಪಂಗಡವೊಂದಿದೆ. ಮಕ್ಕಳ ಓಟದಲ್ಲಿ ಅದರಿಂದ ಪದಕ ಬರುವುದುಂಟು, ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಬೆಳೆದವರು 800 ಮೀಟರನ್ನು ಪೂರ್ತಿಯಾಗಿ ಓಡಲು ಕಲಿಯುವುದಿಲ್ಲ. 2012ರ ಲಂಡನ್ ಫೈನಲ್‌ನಲ್ಲಿ ಡೇವಿಡ್ ರುಡಿಶಾ ಮೊದಲಿಂದ ಕೊನೆಯವರೆಗೂ ಮುಂದೆಯೇ ಓಡಿ 1:40.91ಕ್ಕೆ ಮುಗಿಸಿದರು. ಅದರಲ್ಲಿ ಮೊದಲ ಸುತ್ತು 49.28, ಎರಡನೆಯದು 51.63. 1976ರ ಮಾಂಟ್ರಿಯಲ್ ಫೈನಲ್‌ನ ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಎಳೆದುಕೊಂಡು ಹೋದವರು ನಮ್ಮ ಶ್ರೀರಾಮ್ ಸಿಂಗ್. ಮುಗಿಸಿದ್ದು ಏಳನೆಯವರಾಗಿ. ಆದರೆ ಅಂದಿನ 1:45.77 ರಾಷ್ಟ್ರೀಯ ದಾಖಲೆಯಾಗಿ 2018ರವರೆಗೆ ಉಳಿಯಿತು. ಮೊದಲ ಸುತ್ತು ಎರಡು ಮೂರು ಸೆಕೆಂಡು ಚುರುಕಾಗಿರುವುದು ಈ ಓಟಕ್ಕೆ ಸಹಜ. ಆರು ಸೆಕೆಂಡಿನ ಅಂತರ ಹೆಚ್ಚಾಯಿತು, ಹೌದು. ಅದನ್ನು ಸರಿಪಡಿಸಬೇಕಾದದ್ದು ಮೊದಲ ಸುತ್ತನ್ನು 68ರ ಆಸುಪಾಸಿಗೆ ತಂದು ಎರಡನೆಯದನ್ನು ಒಳದಾರಿಯಲ್ಲಿ ಓಡಿಸುವ ಮೂಲಕ. ಹೊರಗೆ ಓಡಿದ ಏಳು ಮೀಟರಿನ ಹೊತ್ತೂ ಆ 73ರೊಳಗೇ ಸೇರಿದೆ ಎನ್ನುವುದನ್ನು ಮರೆಯಬಾರದು.

ಕೊನೆಗೆ ತಾತ ಊರಿನವರ ಕಡೆ ತಿರುಗಿದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಚಿನ್ನ ಯಾವಾಗ ತರ್ತೀಯಾ ಎಂದು ಕೂಸನ್ನು ಕೇಳಬೇಡಿ ಎಂದರು. ಬೆಳಿಗ್ಗೆ ಐದೂವರೆಯಿಂದ ಆರೂವರೆವರೆಗೆ ಕೆರೆ ಏರಿಯ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ ಎಂದು ಎದುರಿಗಿದ್ದ ಟ್ರ್ಯಾಕ್ಟರ್ ಮಾಲೀಕರ ಮುಖ ನೋಡಿಯೇ ಹೇಳಿದರು. ಶಾಲಿಗೆಂದು ಕೂಡಿಸಿದ್ದ ದುಡ್ಡನ್ನು ಹುಡುಗಿಯ ತಾಯಿಯ ಕೈಗೆ ಕೊಟ್ಟು, “ಮುಳ್ಳಿನ ಶೂ ತಗೊಳವ್ವ, ಇನ್ನೊಬ್ಬರದ್ದು ಹಾಕ್ಕೊಂಡು ಓಡಿದ್ಲಂತೆ” ಎಂದರು. ಆಮೇಲೆ ಮೇಷ್ಟರನ್ನು ಕರೆದು, ಕೆರೆ ಅಂಗಳದ ಬಡಗಣ ಮಗ್ಗುಲು ಯುಗಾದಿ ಹೊತ್ತಿಗೆ ಗಟ್ಟಿಯಾಗಿ ಒಣಗುತ್ತದೆ, ಅಲ್ಲಿ ಬೆಂಗಳೂರಿನಷ್ಟೇ ದೊಡ್ಡ ಸುತ್ತು ಎಳೆಯಲು ಆಗುತ್ತದೆಯೇ ಎಂದು ಎಲ್ಲರ ಮುಂದೆ ಕೇಳಿದರು.

ಆಗುತ್ತದೆ. ಅದಕ್ಕೆ ಬೇಕಾದದ್ದು ಸುಮಾರು ಮೂರು ಎಕರೆ ಸಮ ನೆಲ, 163 ಮೀಟರ್ ಉದ್ದ, 78 ಮೀಟರ್ ಅಗಲ. ಮೊದಲು 73 ಮೀಟರ್ ಅಂತರದಲ್ಲಿ 84.39 ಮೀಟರ್ ಉದ್ದದ ಎರಡು ನೇರ ಗೆರೆ ಎಳೆಯಬೇಕು. ಆ ಗೆರೆಗಳ ತುದಿಗಳನ್ನು ಅಡ್ಡಲಾಗಿ ಜೋಡಿಸಿ ನಟ್ಟನಡುವೆ ಒಂದೊಂದು ಗೂಟ ಹೊಡೆದು, 36.50 ಮೀಟರ್ ಹಗ್ಗದಿಂದ ಎರಡೂ ಕಡೆ ಅರ್ಧ ವೃತ್ತ ಬರೆಯಬೇಕು. ಸೆಣಬಿನ ಹಗ್ಗ ಎಳೆದರೆ ಹಿಗ್ಗುತ್ತದೆ, ತಂತಿ ಹಿಡಿದರೆ ಒಳ್ಳೆಯದು. ಓಡಬೇಕಾದದ್ದು ಈ ಗೆರೆಯಿಂದ 30 ಸೆಂಟಿಮೀಟರ್ ಹೊರಗೆ. ಅಲ್ಲಿ ಸುತ್ತು ಸರಿಯಾಗಿ 400 ಮೀಟರ್ ಬರುತ್ತದೆ. ಒಳಗೆರೆಯಿಂದ ನಾಲ್ಕಡಿ ಹೊರಗೆ ಎರಡನೇ ಗೆರೆ, ಅದರಾಚೆ ಮೂರನೆಯದು. ಎರಡು ಲೇನ್ ಸಾಕು. ಒಳದಾರಿ ಹಿಡಿಯುವುದನ್ನು ಕಲಿಯಲು ಅವಳ ಜೊತೆ ಓಡುವವರು ಬೇಕಲ್ಲ ಎಂದು ಮೇಷ್ಟರು ಅಂದಾಗ, ಹೈಸ್ಕೂಲಿನ ಹುಡುಗರು ನಾಲ್ವರು ತಾವೇ ಕೈ ಎತ್ತಿದರು. ಸುಣ್ಣದ ಮೂಟೆ ತಾನು ಕೊಡುತ್ತೇನೆ ಎಂದವರು ಆ ಟ್ರ್ಯಾಕ್ಟರ್ ಮಾಲೀಕರು.