ಘಟ್ಟದಲ್ಲಿ ಕಳೆದ ಗಂಟೆಗಳು: ಸರಾಸರಿ ವೇಗ ಕಲಿಸುವ ಕ್ರಮ ಕುರಿತು

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಈಚೆಗೆ ತನ್ನ ನೋಟ್‌ಬುಕ್ ತೋರಿಸಿದ. ‘ಸರಾಸರಿ ವೇಗ’ ಎಂಬ ತಲೆಬರಹದ ಕೆಳಗೆ ಕೆಂಪು ಶಾಯಿಯಲ್ಲಿ ಚೌಕ ಹಾಕಿ 2xy/(x+y) ಎಂದು ಬರೆದಿದ್ದ. ಚೌಕದ ಹೊರಗೆ ಒಂದು ಪದವೂ ಇರಲಿಲ್ಲ. x ಯಾವುದು, y ಯಾವುದು, ಇದು ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ, ಏನೂ ಇಲ್ಲ. ‘ಎರಡು ವೇಗ ಕೊಟ್ಟರೆ ಇದಕ್ಕೆ ಹಾಕುವುದು, ಮೂರು ಕೊಟ್ಟರೆ ಕೂಡಿಸಿ ಮೂರರಿಂದ ಭಾಗಿಸುವುದು’ ಎಂದ. ಆ ಮಾತಿನಲ್ಲಿ ಎರಡು ತಪ್ಪುಗಳಿವೆ. ಎರಡಕ್ಕೂ ಹುಡುಗ ಹೊಣೆಯಲ್ಲ. ನಾವು ಈ ಪಾಠವನ್ನು ಕಲಿಸುತ್ತಿರುವ ಕ್ರಮವನ್ನೇ ಇಲ್ಲಿ ಪರಿಶೀಲಿಸಬೇಕು ಎಂದುಕೊಂಡಿದ್ದೇನೆ.

ಒಂದು ಪ್ರಯಾಣವನ್ನು ಮುಂದಿಟ್ಟುಕೊಳ್ಳೋಣ. ಹಾಸನದಿಂದ ಮಂಗಳೂರಿಗೆ ರೈಲುಹಾದಿ ಸುಮಾರು 190 ಕಿ.ಮೀ. ಸಕಲೇಶಪುರದವರೆಗೆ ಮಲೆನಾಡಿನ ಅಂಚಿನ ಹಾದಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗಗಳು, 50ಕ್ಕೆ 1ರ ಇಳಿಜಾರು. ಬ್ರೇಕಿನ ಮೇಲೆ ಕೈ ಬಿಡದೆ ರೈಲು ನಿಧಾನ ಇಳಿಯಬೇಕು. ಆಮೇಲೆ ಕರಾವಳಿಯ ಬಯಲು. ಲೆಕ್ಕಕ್ಕೆ ಸುಲಭವಾಗಲೆಂದು ಮೊದಲ ಹಂತ 45 ಕಿ.ಮೀ., ಕೊನೆಯ ಹಂತ 90 ಕಿ.ಮೀ. ಎಂದು ಇಟ್ಟುಕೊಳ್ಳುತ್ತೇನೆ. ಆ ಎರಡರಲ್ಲೂ ವೇಗ ಗಂಟೆಗೆ 60 ಕಿ.ಮೀ., ಘಟ್ಟದಲ್ಲಿ ಗಂಟೆಗೆ 25 ಕಿ.ಮೀ. ಇರಲಿ. ಪಠ್ಯಪುಸ್ತಕ ಇದಕ್ಕೆ ‘ಜವ’ ಎನ್ನುತ್ತದೆ. ಮಾತಿನಲ್ಲಿರುವ ‘ವೇಗ’ವನ್ನೇ ನಾನು ಬಳಸುತ್ತೇನೆ.

ಹುಡುಗನ ದಾರಿಯಲ್ಲಿ 60, 25, 60 ಕೂಡಿಸಿ ಮೂರರಿಂದ ಭಾಗಿಸಿದರೆ 48.3 ಬರುತ್ತದೆ. ಆ ವೇಗದಲ್ಲಿ 190 ಕಿ.ಮೀ.ಗೆ 3 ಗಂಟೆ 56 ನಿಮಿಷ ಸಾಕು. ಈಗ ರೈಲಿನ ಜೊತೆಗೇ ಕುಳಿತು ಗಡಿಯಾರ ನೋಡೋಣ. ಮೊದಲ 45 ಕಿ.ಮೀ.ಗೆ 45 ನಿಮಿಷ. ಘಟ್ಟದ 55 ಕಿ.ಮೀ.ಗೆ 2 ಗಂಟೆ 12 ನಿಮಿಷ. ಕೊನೆಯ 90 ಕಿ.ಮೀ.ಗೆ ಒಂದೂವರೆ ಗಂಟೆ. ಒಟ್ಟು 4 ಗಂಟೆ 27 ನಿಮಿಷ. 190 ಕಿ.ಮೀ.ಯನ್ನು ಈ ಸಮಯದಿಂದ ಭಾಗಿಸಿದರೆ ನಿಜವಾದ ಸರಾಸರಿ ಗಂಟೆಗೆ 42.7 ಕಿ.ಮೀ. ಸರಳ ಸರಾಸರಿಯನ್ನು ನಂಬಿ ಮಂಗಳೂರಿನ ನಿಲ್ದಾಣಕ್ಕೆ ಬಂದವರು ಅರ್ಧ ಗಂಟೆ ಕಾಯಬೇಕಾಗುತ್ತದೆ.

ಆ ಅರ್ಧ ಗಂಟೆ ಎಲ್ಲಿಂದ ಬಂತು? ಹಾದಿಯ ಉದ್ದದಲ್ಲಿ ಘಟ್ಟದ ಪಾಲು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಪ್ರಯಾಣದ ಸಮಯದಲ್ಲಿ ಅದರ ಪಾಲು ಹೆಚ್ಚುಕಡಿಮೆ ಅರ್ಧ. 25ರ ವೇಗದಲ್ಲಿ ನಾವು ಬಹಳ ಹೊತ್ತು ಇದ್ದೆವು, ಆದ್ದರಿಂದ ಸರಾಸರಿ 25ರ ಕಡೆಗೆ ವಾಲುತ್ತದೆ. ಸರಳ ಸರಾಸರಿ ಮೂರು ಹಂತಗಳಿಗೂ ಒಂದೊಂದು ಮತ ಕೊಡುತ್ತದೆ. 45 ನಿಮಿಷದ ಹಂತಕ್ಕೂ ಒಂದು, 132 ನಿಮಿಷದ ಹಂತಕ್ಕೂ ಒಂದು.

ಇಷ್ಟು ತಿಳಿದವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. ‘ಹಂತಗಳು ಬೇರೆ ಬೇರೆ ಉದ್ದ, ಆದ್ದರಿಂದ ಉದ್ದಕ್ಕೆ ತಕ್ಕ ತೂಕ ಕೊಟ್ಟರಾಯಿತು’ ಎಂದು ಪ್ರತಿ ವೇಗವನ್ನೂ ಅದರ ಕಿ.ಮೀ.ಯಿಂದ ಗುಣಿಸಿ, ಕೂಡಿಸಿ, 190ರಿಂದ ಭಾಗಿಸುತ್ತಾರೆ. ಮೇಲ್ನೋಟಕ್ಕೆ ಇದು ತುಂಬ ನ್ಯಾಯವಾಗಿ ಕಾಣುತ್ತದೆ. ಬರುವ ಉತ್ತರ 49.9. ಸರಳ ಸರಾಸರಿಗಿಂತಲೂ ಇದು ಸತ್ಯದಿಂದ ದೂರ! ಕೆಟ್ಟದ್ದನ್ನು ತಿದ್ದಲು ಹೋಗಿ ಇನ್ನಷ್ಟು ಕೆಡಿಸಿದಂತಾಯಿತು. ನಾನು ನೋಡಿದ ಪಾಠಗಳಲ್ಲಿ ಈ ತಪ್ಪಿನ ಮಾತೇ ಬರುವುದಿಲ್ಲ. ಆದರೆ ವಿಷಯದ ಒಳಗುಟ್ಟು ಇರುವುದು ಇಲ್ಲೇ.

ತೂಕ ಕೊಡುವುದು ಸರಿ. ಆದರೆ ಯಾವುದರ ತೂಕ? ಅಕ್ಕಸಾಲಿಗನ ಲೆಕ್ಕ ಇದಕ್ಕೆ ಒಳ್ಳೆಯ ದಾರಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರ ಸಂಗ್ರಹ’ದಲ್ಲಿ ಬೇರೆ ಬೇರೆ ವರ್ಣದ, ಎಂದರೆ ಬೇರೆ ಬೇರೆ ಶುದ್ಧತೆಯ, ಚಿನ್ನವನ್ನು ಕರಗಿಸಿ ಬೆರೆಸಿದರೆ ಬರುವ ವರ್ಣ ಎಷ್ಟು ಎಂದು ಕಂಡುಹಿಡಿಯುವ ಕ್ರಮವನ್ನು ಹೇಳುತ್ತಾನೆ. ಒಂದೊಂದರ ವರ್ಣವನ್ನು ಅದರ ತೂಕದಿಂದ ಗುಣಿಸಬೇಕು, ಎಲ್ಲವನ್ನೂ ಕೂಡಿಸಬೇಕು, ಒಟ್ಟು ತೂಕದಿಂದ ಭಾಗಿಸಬೇಕು. 22 ಕ್ಯಾರೆಟ್ಟಿನ 10 ಗ್ರಾಂ, 18 ಕ್ಯಾರೆಟ್ಟಿನ 30 ಗ್ರಾಂ ಬೆರೆಸಿದರೆ 19 ಕ್ಯಾರೆಟ್ ಬರುತ್ತದೆ. 20 ಎಂದು ಹೇಳಿದರೆ ಯಾವ ಅಕ್ಕಸಾಲಿಗನೂ ಒಪ್ಪುವುದಿಲ್ಲ.

ಚಿನ್ನದಲ್ಲಿ ಶುದ್ಧತೆ ಎಂದರೆ ಗ್ರಾಂಗೆ ಇಷ್ಟು ಅಪ್ಪಟ ಚಿನ್ನ ಎಂದು ಅರ್ಥ. ಅದಕ್ಕೇ ಅಲ್ಲಿ ತೂಕ ಗ್ರಾಂನದು. ವೇಗವನ್ನು ನಾವು ಹೇಗೆ ಹೇಳುತ್ತೇವೆ? ‘ಗಂಟೆಗೆ 60 ಕಿ.ಮೀ.’ ಆ ‘ಗೆ’ ಯಾವ ಪದಕ್ಕೆ ಅಂಟಿದೆಯೋ ಅದೇ ತೂಕ. ಇಲ್ಲಿ ಅದು ಗಂಟೆಗೆ ಅಂಟಿದೆ, ಕಿ.ಮೀ.ಗೆ ಅಲ್ಲ. ಪ್ರತಿ ಹಂತದ ವೇಗವನ್ನು ಅದು ತೆಗೆದುಕೊಂಡ ಗಂಟೆಗಳಿಂದ ಗುಣಿಸಿ ಕೂಡಿಸಿದರೆ ಬರುವುದು ಒಟ್ಟು ದೂರವೇ. ಅದನ್ನು ಒಟ್ಟು ಗಂಟೆಗಳಿಂದ ಭಾಗಿಸಿದರೆ 42.7. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಬರುವ ‘ಒಟ್ಟು ದೂರ ಭಾಗಿಸು ಒಟ್ಟು ಕಾಲ’ ಎಂಬ ವ್ಯಾಖ್ಯೆ ಇದೇ.

ಕಿ.ಮೀ.ಗಳನ್ನೇ ತೂಕವಾಗಿ ಇಟ್ಟುಕೊಳ್ಳಬೇಕೆಂದರೆ ಅದಕ್ಕೂ ದಾರಿ ಇದೆ. ‘ಗೆ’ಯನ್ನು ಕಿ.ಮೀ.ಗೆ ಅಂಟಿಸಬೇಕು, ಅಷ್ಟೆ. 60ರ ವೇಗ ಎಂದರೆ ಕಿ.ಮೀ.ಗೆ 1 ನಿಮಿಷ. 25ರ ವೇಗ ಎಂದರೆ ಕಿ.ಮೀ.ಗೆ 2.4 ನಿಮಿಷ. ದೂರದ ಓಟಗಾರರು ತಮ್ಮ ಓಟವನ್ನು ಅಳೆಯುವುದು ಹೀಗೆಯೇ. ಈ ಅಳತೆಗೆ ಕಿ.ಮೀ. ತೂಕ ಕೊಟ್ಟು ಸರಾಸರಿ ತೆಗೆದರೆ ಕಿ.ಮೀ.ಗೆ ಸುಮಾರು 1.4 ನಿಮಿಷ. ಅದನ್ನು ತಿರುಗಿಸಿದರೆ ಮತ್ತೆ ಗಂಟೆಗೆ 42.7 ಕಿ.ಮೀ. ಪುಸ್ತಕಗಳು ‘ಹರಾತ್ಮಕ ಸರಾಸರಿ’ ಎಂದು ಹೆದರಿಸುವ ವಸ್ತು ಇಷ್ಟೇ.

ಈಗ ಕೆಂಪು ಚೌಕದ ಸೂತ್ರಕ್ಕೆ ಬರೋಣ. ಅದು ಸುಳ್ಳಲ್ಲ. ಹೋದ ದಾರಿಯಲ್ಲೇ ಹಿಂದಿರುಗಿದಾಗ, ಎಂದರೆ ಎರಡು ವೇಗಗಳಲ್ಲೂ ಕ್ರಮಿಸಿದ ದೂರ ಸಮನಾಗಿದ್ದಾಗ, ಅದು ನಿಖರ. ಒಂದು ನಿಮಿಷದಲ್ಲಿ ಒಂದು ಪ್ರಶ್ನೆ ಮುಗಿಸಬೇಕಾದವನಿಗೆ ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ತಪ್ಪಿರುವುದು ‘ದೂರ ಸಮನಾಗಿದ್ದಾಗ’ ಎಂಬ ಷರತ್ತನ್ನು ಕಳಚಿ ಸೂತ್ರವನ್ನಷ್ಟೇ ಕೈಗೆ ಕೊಡುವುದರಲ್ಲಿ. ನಮ್ಮ ರೈಲಿನಲ್ಲೂ ಇರುವುದು 60 ಮತ್ತು 25 ಎಂಬ ಎರಡೇ ವೇಗಗಳು. ಹುಡುಗ ಸೂತ್ರಕ್ಕೆ ಹಾಕಿದರೆ 35.3 ಬರುತ್ತದೆ. ಸರಳ ಸರಾಸರಿ ಉತ್ತರವನ್ನು ಮೇಲಕ್ಕೆ ಎತ್ತಿತು, ಸೂತ್ರ ಕೆಳಕ್ಕೆ ಎಳೆಯಿತು. ಅರ್ಧ ಹಾದಿ ಘಟ್ಟವೇ ಇದೆ ಎಂದು ಸೂತ್ರ ತಾನಾಗಿ ಊಹಿಸಿಕೊಂಡಿತು. ಅದು ಊಹಿಸಿದ್ದು ಹುಡುಗನಿಗೆ ಗೊತ್ತಾಗಲಿಲ್ಲ.

ಸರಳ ಸರಾಸರಿಗೂ ಹೀಗೇ ತನ್ನದೊಂದು ಷರತ್ತಿದೆ. ಸಮಯ ಸಮನಾಗಿದ್ದರೆ ಅದು ಸರಿ. ಒಂದು ಗಂಟೆ 60ರಲ್ಲಿ, ಇನ್ನೊಂದು ಗಂಟೆ 25ರಲ್ಲಿ ಹೋದರೆ ಸರಾಸರಿ 42.5, ಅದರಲ್ಲಿ ಅನುಮಾನವಿಲ್ಲ. ಎರಡು ಕ್ರಮಗಳೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆ ಜಾಗ ಯಾವುದು ಎಂದು ಹೇಳದ ಪಾಠ ಮಾತ್ರ ಅರೆಪಾಠ.

ಒಂದು ಕ್ರಮ ಸರಿಯೋ ತಪ್ಪೋ ಎಂದು ವಿದ್ಯಾರ್ಥಿ ತಾನೇ ಪರೀಕ್ಷಿಸಿಕೊಳ್ಳಬಹುದು. ಹಾಸನ–ಸಕಲೇಶಪುರದ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು ಆ ಹಂತವನ್ನು ಎರಡು ಮಾಡಿ. ರೈಲಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ಸರಳ ಸರಾಸರಿಯಲ್ಲಿ ಈಗ 60 ಮೂರು ಸಲ ಬಂದು ಉತ್ತರ 48.3ರಿಂದ 51ಕ್ಕೆ ಹಾರುತ್ತದೆ. ಕಾಗದದ ಮೇಲೆ ಗೆರೆ ಎಳೆದದ್ದಕ್ಕೆ ರೈಲು ಜೋರಾಗಿ ಓಡಿತು ಎನ್ನುವ ಲೆಕ್ಕವನ್ನು ನಂಬುವುದು ಹೇಗೆ? ಇನ್ನೊಂದು ಪರೀಕ್ಷೆ ನಿಲುಗಡೆಯದು. ದಾರಿಯಲ್ಲಿ ಒಟ್ಟು 20 ನಿಮಿಷ ರೈಲು ನಿಂತಿತು ಎನ್ನಿ. ನಿಂತಾಗ ವೇಗ ಸೊನ್ನೆ. ಸರಳ ಸರಾಸರಿಗೆ ಆ ಸೊನ್ನೆ ಸೇರಿಸಿದರೆ 36 ಬರುತ್ತದೆ, ರೈಲು 1 ನಿಮಿಷ ನಿಂತರೂ ಅದೇ, 5 ಗಂಟೆ ನಿಂತರೂ ಅದೇ. ಗಂಟೆಗಳ ಲೆಕ್ಕದಲ್ಲಿ 4 ಗಂಟೆ 27 ನಿಮಿಷಕ್ಕೆ 20 ನಿಮಿಷ ಕೂಡಿಸಿದರೆ ಸರಾಸರಿ 39.7ಕ್ಕೆ ಇಳಿಯುತ್ತದೆ, ನಿಂತಷ್ಟಕ್ಕೆ ಇಳಿದಷ್ಟು.

ರೈಲ್ವೆಯ ಲೆಕ್ಕ ಈ ವಿಷಯದಲ್ಲಿ ತರಗತಿಗಿಂತ ಗಟ್ಟಿ. ಬ್ರಾಡ್‌ಗೇಜ್‌ನಲ್ಲಿ ಒಂದು ಗಾಡಿಗೆ ಸೂಪರ್‌ಫಾಸ್ಟ್ ಎಂಬ ಹೆಸರು ಸಿಗಬೇಕಾದರೆ ಹೊರಟ ಊರಿನಿಂದ ಸೇರುವ ಊರಿನವರೆಗೆ ಸರಾಸರಿ ವೇಗ ಗಂಟೆಗೆ ಕನಿಷ್ಠ 55 ಕಿ.ಮೀ. ಇರಬೇಕು. ಬಯಲಿನಲ್ಲಿ 110ರಲ್ಲಿ ಓಡಿದರೂ ಘಟ್ಟದಲ್ಲಿ ತೆವಳಿದ್ದು, ಸಿಗ್ನಲ್‌ನಲ್ಲಿ ಕಾದದ್ದು ಎಲ್ಲವೂ ಅದರೊಳಗೆ ಬರಬೇಕು.

ನಿಧಾನದ ಹಂತ ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ ಎಂಬುದಕ್ಕೆ ಒಂದು ಹಳೆಯ ಒಗಟು ಸಾಕ್ಷಿ. 1934ರಲ್ಲಿ ಮನೋವಿಜ್ಞಾನಿ ಮ್ಯಾಕ್ಸ್ ವರ್ತ್‌ಹೈಮರ್ ಅದನ್ನು ಆಲ್ಬರ್ಟ್ ಐನ್‌ಸ್ಟೈನ್‌ಗೆ ಬರೆದು ಕಳಿಸಿದ್ದರು. ಹಳೆಯ ಕಾರೊಂದು ಒಂದು ಮೈಲಿ ಗುಡ್ಡವನ್ನು ಗಂಟೆಗೆ 15 ಮೈಲಿಯಂತೆ ಏರುತ್ತದೆ. ಇನ್ನೊಂದು ಮೈಲಿ ಇಳಿಯಬೇಕು. ಒಟ್ಟು ಸರಾಸರಿ 30 ಬರಬೇಕಾದರೆ ಎಷ್ಟು ವೇಗದಲ್ಲಿ ಇಳಿಯಬೇಕು? 45 ಎಂದು ನಾಲಗೆಯ ತುದಿಗೆ ಬರುತ್ತದೆ. ಆದರೆ ಎರಡು ಮೈಲಿಯನ್ನು 30ರಲ್ಲಿ ಮುಗಿಸಲು ಇರುವುದೇ 4 ನಿಮಿಷ, ಏರುವುದಕ್ಕೇ ಆ 4 ನಿಮಿಷ ಮುಗಿದಿದೆ. ಇಳಿಯಲು ಸಮಯವೇ ಉಳಿದಿಲ್ಲ. ಲೆಕ್ಕ ಹಾಕಿದ ಮೇಲೆಯೇ ತನಗೂ ಇದು ಹೊಳೆದದ್ದು ಎಂದು ಐನ್‌ಸ್ಟೈನ್ ಒಪ್ಪಿಕೊಂಡಿದ್ದರು. ನಮ್ಮ ರೈಲಿಗೂ ಹೀಗೊಂದು ಮೇಲ್ಮಿತಿ ಇದೆ. ಘಟ್ಟದ ಹೊರಗಿನ 135 ಕಿ.ಮೀ.ಯನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿದರೂ ಘಟ್ಟದ 2 ಗಂಟೆ 12 ನಿಮಿಷ ಹಾಗೇ ಇರುತ್ತದೆ, ಸರಾಸರಿ 86.4 ದಾಟುವುದಿಲ್ಲ. ಘಟ್ಟದ ವೇಗ 25ರಿಂದ 30ಕ್ಕೆ ಏರಿದರೆ ಸಾಕು, 22 ನಿಮಿಷ ಉಳಿಯುತ್ತದೆ. ಬಯಲಿನ 135 ಕಿ.ಮೀ. ಉದ್ದಕ್ಕೂ ವೇಗವನ್ನು 60ರಿಂದ 80ಕ್ಕೆ ಏರಿಸಿದರೂ ಉಳಿಯುವುದು 34 ನಿಮಿಷವಷ್ಟೆ.

ಇಷ್ಟನ್ನೂ ಒಂದು ಸೂತ್ರ ತೋರಿಸಲಾರದು, ನಾಲ್ಕು ಕಲಮಿನ ಒಂದು ಕೋಷ್ಟಕ ತೋರಿಸುತ್ತದೆ: ಹಂತ, ದೂರ, ವೇಗ, ಸಮಯ. ಪ್ರಶ್ನೆಯಲ್ಲಿ ಸಮಯದ ಕಲಮು ಖಾಲಿ ಇರುತ್ತದೆ, ಮಕ್ಕಳು ತಪ್ಪುವುದು ಅದನ್ನು ತುಂಬದೆ ಮುಂದೆ ಹೋದಾಗ. ಶಿಕ್ಷಕರಲ್ಲಿ ನನ್ನ ವಿನಂತಿ ಒಂದೇ. ಆ ಕಲಮನ್ನು ಮಕ್ಕಳ ಕೈಯಲ್ಲೇ ತುಂಬಿಸಿ, ಕೆಳಗೆ ದೂರವನ್ನೂ ಸಮಯವನ್ನೂ ಕೂಡಿಸಲು, ಭಾಗಿಸಲು ಹೇಳಿ. ಹತ್ತು ಲೆಕ್ಕ ಹೀಗೆ ಮಾಡಿದ ಮೇಲೆ, ದೂರ ಸಮನಾಗಿರುವ ಪ್ರಶ್ನೆಗೆ 2xy/(x+y) ಅವರೇ ಕಂಡುಕೊಳ್ಳುತ್ತಾರೆ. ಆಗ ಚೌಕ ಹಾಕಿ ಬರೆದುಕೊಳ್ಳಲಿ, ಷರತ್ತನ್ನೂ ಅದೇ ಚೌಕದೊಳಗೆ ಸೇರಿಸಿ.