ಕೊನೆಯ ಗುರುತಿನಿಂದ ಮುಂದಕ್ಕೆ: ಬದಲಾದ ಸಾಲುಗಳನ್ನಷ್ಟೇ ತರುವ ಕ್ರಮ

ದತ್ತಾಂಶದ ಕೋಷ್ಟಕದಲ್ಲಿ ಪ್ರತಿ ಸಾಲು ಕೊನೆಯದಾಗಿ ಬದಲಾದ ವೇಳೆಯನ್ನು ಒಂದು ಕಾಲಂನಲ್ಲಿ ಬರೆದಿಟ್ಟು, ಹಿಂದಿನ ಬಾರಿ ಕಂಡ ಅತಿ ದೊಡ್ಡ ವೇಳೆಗಿಂತ ಮುಂದಿನ ಸಾಲುಗಳನ್ನು ಮಾತ್ರ ತರುವುದು ಹೈ ವಾಟರ್ ಮಾರ್ಕ್ ಕ್ರಮ. ಇಡೀ ಕೋಷ್ಟಕವನ್ನು ದಿನವೂ ನಕಲು ಮಾಡುವ ಹೊರೆ ಇದರಿಂದ ತಪ್ಪುತ್ತದೆ. ಆದರೆ ಯಾವ ದೋಷವನ್ನೂ ತೋರಿಸದೆ ಸಾಲುಗಳನ್ನು ಕಳೆದುಕೊಳ್ಳುವ ಗುಣವೂ ಇದಕ್ಕಿದೆ.

ಕರ್ನಾಟಕದ ಭೂಮಿ ಯೋಜನೆಯ ಆರಂಭದಲ್ಲಿ ಪಹಣಿಗಳ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿತ್ತು. ಅದೇ ಮಾದರಿಯಲ್ಲಿ ಶಿಕಾರಿಪುರಕ್ಕೊಂದು, ಸೊರಬಕ್ಕೊಂದು ಸರ್ವರ್ ಇದ್ದು, ಎರಡರಿಂದಲೂ ಗಂಟೆಗೊಮ್ಮೆ ಜಿಲ್ಲಾ ಕೇಂದ್ರಕ್ಕೆ ಬದಲಾವಣೆ ತರಬೇಕೆಂದು ಊಹಿಸಿಕೊಳ್ಳಬಹುದು. ಸೊರಬದಲ್ಲಿ ಒಂದು ಖಾತೆ ಬದಲಾವಣೆ 11:58:40ಕ್ಕೆ ಶುರುವಾಗಿ 12:00:20ಕ್ಕೆ ಕಮಿಟ್ ಆಗುತ್ತದೆ. ಸಾಲಿನಲ್ಲಿ ಬೀಳುವ ವೇಳೆ ಮಾತ್ರ 11:58:40, ಏಕೆಂದರೆ ಪೋಸ್ಟ್‌ಗ್ರೆಸ್‌ನ `now()` ವ್ಯವಹಾರ ಆರಂಭವಾದ ಕ್ಷಣವನ್ನೇ ಕೊಡುತ್ತದೆ. 12:00:00ಕ್ಕೆ ಓಡಿದ ಕೆಲಸಕ್ಕೆ ಆ ಸಾಲು ಇನ್ನೂ ಕಾಣದು. ಆ ಕೆಲಸ ಕಂಡ ಕೊನೆಯ ವೇಳೆ 11:59:55. ಅದೇ ಹೊಸ ಗುರುತಾಗುತ್ತದೆ. ಒಂದು ಗಂಟೆಗೆ ಮತ್ತೆ ಓಡಿದಾಗ ಈ ಸಾಲು ಗುರುತಿನ ಹಿಂದೆ ಉಳಿದಿರುತ್ತದೆ. ಮತ್ತೊಮ್ಮೆ ತಿದ್ದುವವರೆಗೂ ಕೇಂದ್ರದಲ್ಲಿ ಹಳೆಯ ಖಾತೆದಾರನ ಹೆಸರೇ ಇರುತ್ತದೆ.

ಗುರುತನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಓದುವುದೇ ಇದಕ್ಕೆ ನಂಬಬಹುದಾದ ಪರಿಹಾರ.

```sql
SELECT * FROM pahani
WHERE updated_at >= CAST(:mark AS timestamptz) - INTERVAL '10 minutes';
```

ಈ ಹತ್ತು ನಿಮಿಷ ಆ ಸರ್ವರಿನ ಅತಿ ದೀರ್ಘ ವ್ಯವಹಾರಕ್ಕಿಂತ ಹೆಚ್ಚಿರಬೇಕು. ಕೆಲವು ಸಾಲುಗಳು ಎರಡೆರಡು ಬಾರಿ ಬರುತ್ತವೆ. ಪ್ರಾಥಮಿಕ ಕೀಲಿಯನ್ನು ನೋಡಿ ಇದ್ದರೆ ತಿದ್ದುವ, ಇಲ್ಲದಿದ್ದರೆ ಸೇರಿಸುವ ವಿಧಾನದಲ್ಲಿ ಬರೆದರೆ ಅದರಿಂದ ಕೆಡುಕಿಲ್ಲ. ದತ್ತಾಂಶವನ್ನು ಕೇಂದ್ರದಲ್ಲಿ ಪೂರ್ತಿ ಬರೆದಾದ ಮೇಲೆಯೇ ಹೊಸ ಗುರುತನ್ನು ಉಳಿಸಬೇಕು. ಮೊದಲೇ ಉಳಿಸಿ ನಡುವೆ ಕೆಲಸ ನಿಂತರೆ ಆ ಕಂತು ಹೋದಂತೆಯೇ.

ಎರಡು ತಾಲ್ಲೂಕಿಗೆ ಒಂದೇ ಗುರುತು ಇಡುವುದು ಮತ್ತೊಂದು ತಪ್ಪು. ಶಿಕಾರಿಪುರದ ಗಡಿಯಾರ ಹದಿನೈದು ನಿಮಿಷ ಮುಂದಿದ್ದರೆ ಗುರುತೂ ಅಷ್ಟು ಮುಂದಕ್ಕೆ ಹೋಗಿ, ಹತ್ತು ನಿಮಿಷ ಹಿಂದಕ್ಕೆ ಸರಿಸಿದ್ದನ್ನೂ ದಾಟಿ, ಸೊರಬದ ಸಾಲುಗಳು ತಪ್ಪುತ್ತವೆ. ಆದ್ದರಿಂದ ಪ್ರತಿ ಮೂಲಕ್ಕೂ ಅದರದೇ ಗುರುತು ಬೇಕು. ಆ ಗುರುತನ್ನು, ದತ್ತಾಂಶ ತರುವ ಯಂತ್ರದ ಗಡಿಯಾರದಿಂದಲ್ಲ, ಬಂದ ಸಾಲುಗಳಿಂದಲೇ ಪಡೆಯಬೇಕು.

ಅಳಿಸಿದ ಸಾಲನ್ನಂತೂ ಈ ಕ್ರಮ ಎಂದೂ ಕಾಣಲಾರದು: ಸಾಲೇ ಇಲ್ಲದಿದ್ದಾಗ ಅದರ ವೇಳೆಯೂ ಇಲ್ಲ. ಅಳಿಸುವ ಬದಲು ‘ರದ್ದು’ ಎಂದು ಗುರುತು ಹಾಕಿದರೆ ಮಾತ್ರ ವಿಷಯ ಕೇಂದ್ರಕ್ಕೆ ಮುಟ್ಟುತ್ತದೆ. ನೇರವಾಗಿ ಡೇಟಾಬೇಸಿಗೆ ಹೋಗಿ ಮಾಡಿದ ತಿದ್ದುಪಡಿಯಲ್ಲಿ ವೇಳೆ ಬದಲಾಗದೆ ಉಳಿಯಬಹುದು. ಹಾಗಾಗಿ ವೇಳೆಯನ್ನು ಟ್ರಿಗರ್ ಬರೆಯಬೇಕು, ಅಪ್ಲಿಕೇಶನ್ ಅಲ್ಲ.

ತಪ್ಪಿದ್ದನ್ನು ಹಿಡಿಯಲು ವಾರಕ್ಕೊಮ್ಮೆ ಹೋಬಳಿವಾರು ಸಾಲುಗಳ ಎಣಿಕೆಯನ್ನೂ ವಿಸ್ತೀರ್ಣದ ಮೊತ್ತವನ್ನೂ ಎರಡೂ ಕಡೆ ಹೋಲಿಸಬೇಕು. ಹೆಸರಷ್ಟೇ ಬದಲಾದ ಸಾಲು ಇದರಲ್ಲಿ ಸಿಕ್ಕದು. ಅದಕ್ಕೆ ಸಾಲುಗಳ ಹ್ಯಾಶ್ ಹೋಲಿಕೆಯೇ ಬೇಕು. ಈ ಏರ್ಪಾಡುಗಳಿದ್ದರೆ ಗಂಟೆಗೊಮ್ಮೆ ತರುವ ಕೆಲಸಕ್ಕೆ ಈ ಕ್ರಮ ಸಾಕು. ಅಳಿಸುವಿಕೆ ನಿತ್ಯ ನಡೆಯುವ ಕಡೆ ಡೇಟಾಬೇಸಿನ ಲಾಗ್ ಓದುವ ವಿಧಾನವೇ ಸರಿ.