ವಿತರಣಾಮಾರ್ಗದ ಗಣಿತ: ಒಂದು ವಿಮರ್ಶೆ

ಸಣ್ಣ ಕೊರಿಯರ್ ಆ್ಯಪ್ ರಚಿಸುವವರು ಊರುಗಳನ್ನು ಬಿಂದುಗಳೆಂದು ಗ್ರಹಿಸಿ, ಒಂದೊಂದರಿಂದಲೂ ಅತಿ ಸಮೀಪದ ಮುಂದಿನ ಬಿಂದುವಿಗೆ ಹೋಗುವ ಕ್ರಮವನ್ನು ಹಲವು ವೇಳೆ ಅನುಸರಿಸುತ್ತಾರೆ. ಆ ಸಾಮೀಪ್ಯವನ್ನು ನಕ್ಷೆಯ ನೇರಗೆರೆಯಿಂದ ಅಳೆಯುವುದೇ ಮೂಲದೋಷವೆಂದು ನಮ್ಮ ಅಭಿಪ್ರಾಯ.

ರಾಮನಗರದಿಂದ ಚನ್ನಪಟ್ಟಣಕ್ಕೆ 12, ಕನಕಪುರಕ್ಕೆ 27, ಮಾಗಡಿಗೆ 35 ಕಿಲೋಮೀಟರೆಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ರಾಮನಗರದಿಂದ ಹೊರಟು ಅಲ್ಲಿಗೇ ಮರಳುವ ಸುತ್ತುಗಳು, ದಿಕ್ಕನ್ನು ಗಣಿಸದಿದ್ದರೆ, ಮೂರೇ. ವಾಹನವು ಪ್ರತಿ ಸಲವೂ ರಾಮನಗರವನ್ನು ಹಾದೇ ಹೋಗಬೇಕಾದರೆ ಮೂರೂ 148 ಕಿಲೋಮೀಟರುಗಳೇ. ನೇರಗೆರೆಯಾದರೋ ಅವುಗಳಲ್ಲಿ ಇಲ್ಲದ ತಾರತಮ್ಯವನ್ನು ತೋರಿಸುತ್ತದೆ. ಚನ್ನಪಟ್ಟಣ, ಕನಕಪುರಗಳ ನಡುವಣ ಅಡ್ಡದಾರಿ 39ಕ್ಕಿಂತ ಕಿರಿದಾದರೆ ಮಾತ್ರ ಕ್ರಮಕ್ಕೆ ಬೆಲೆ ಬರುತ್ತದೆ. ಅದು 33 ಆಗಿದ್ದಲ್ಲಿ, ಆ ಎರಡು ಊರುಗಳನ್ನು ಒಂದರ ಬೆನ್ನಿಗೊಂದು ಮುಟ್ಟುವ ಎರಡು ಸುತ್ತುಗಳು 142ಕ್ಕೆ ಇಳಿಯುತ್ತವೆ, ಮೂರನೆಯದು ಇಳಿಯದು.

ಆದುದರಿಂದ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ ರಸ್ತೆಯ ದೂರಗಳನ್ನು ಮೊದಲು ನಿರ್ಣಯಿಸಿ, ಅನಂತರವೇ ಕ್ರಮವನ್ನು ಅರಸತಕ್ಕದ್ದು. ಹೊರಡುವ ಸ್ಥಳವನ್ನು ಬಿಟ್ಟು ಹತ್ತು ನಿಲ್ದಾಣಗಳಾದರೆ ಸುತ್ತುಗಳು 18,14,400. ಗಣಕಯಂತ್ರಕ್ಕೆ ಅದು ಹೊರೆಯಲ್ಲ. ಇಪ್ಪತ್ತಾದಾಗ ಎಲ್ಲವನ್ನೂ ಎಣಿಸುವ ದಾರಿ ಮುಚ್ಚುತ್ತದೆ. ಆಗ ಒಂದು ಸುತ್ತನ್ನು ಹಿಡಿದು, ಅದರ ಎರಡೆರಡು ಕೊಂಡಿಗಳನ್ನು ಕಳಚಿ ಬೇರೆ ರೀತಿಯಲ್ಲಿ ಜೋಡಿಸಿ, ದೂರ ಕುಗ್ಗಿದರೆ ಉಳಿಸಿಕೊಳ್ಳಬೇಕು. ಹೀಗೆ ದೊರೆತದ್ದು ಉತ್ತಮವಾಗಬಹುದು, ಸರ್ವೋತ್ತಮವೆಂಬ ಭರವಸೆಯಿಲ್ಲ.